ಲಿಂಕಿನ ಕೆಳಗಿನ ಎರಡು ಸಾಲು

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಹುಡುಕಲು ಶುರು ಮಾಡುತ್ತಾರೆ. `ma kannada admission last date` ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯುವವರು ಹೆಚ್ಚು. "ಎಂ.ಎ. ಕನ್ನಡ ಪ್ರವೇಶ ಅರ್ಹತೆ" ಎಂದು ಕನ್ನಡದಲ್ಲೇ ಕೇಳುವವರೂ ಇದ್ದಾರೆ. ಗೂಗಲ್ ಒಂದು ಪಟ್ಟಿ ಕೊಡುತ್ತದೆ. ಪ್ರತಿ ಫಲಿತಾಂಶದಲ್ಲೂ ಮೇಲೆ ಒತ್ತಬಹುದಾದ ಶೀರ್ಷಿಕೆ, ಕೆಳಗೆ ಬೂದು ಬಣ್ಣದ ಒಂದೆರಡು ಸಾಲು. ಯಾವ ಕೊಂಡಿ ತೆರೆಯಬೇಕು, ಯಾವುದನ್ನು ಬಿಡಬೇಕು ಎಂದು ವಿದ್ಯಾರ್ಥಿ ತೀರ್ಮಾನಿಸುವುದು ಆ ಸಾಲುಗಳನ್ನು ನೋಡಿ. ಅಲ್ಲಿ ಹೆಚ್ಚಾಗಿ ಕಾಣುವುದು ವಿಶ್ವವಿದ್ಯಾಲಯ ಯಾವಾಗ ಸ್ಥಾಪನೆಯಾಯಿತು, ನ್ಯಾಕ್ ಯಾವ ಶ್ರೇಣಿ ಕೊಟ್ಟಿತು, ಕ್ಯಾಂಪಸ್ಸು ಎಷ್ಟು ಎಕರೆ ಎಂಬ ವಿವರ. ನಾನು ಅರ್ಜಿ ಹಾಕಬಹುದೇ, ಯಾವತ್ತಿನೊಳಗೆ ಹಾಕಬೇಕು ಎಂಬ ಎರಡು ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಆ ಸಾಲುಗಳನ್ನು ವಿಭಾಗವೇ ಬರೆದುಕೊಡಲು ಒಂದು ಜಾಗವಿದೆ. ಅದರ ಹೆಸರು ಮೆಟಾ ಡಿಸ್ಕ್ರಿಪ್ಷನ್. ಪುಟ ತೆರೆದವರ ಕಣ್ಣಿಗೆ ಅದು ಬೀಳುವುದಿಲ್ಲ. ಪುಟದ ಹಿಂದಿನ ಕೋಡಿನಲ್ಲಿ, ತಲೆಭಾಗದಲ್ಲಿ ಕೂತಿರುತ್ತದೆ. ಈ ಪುಟದಲ್ಲಿ ಏನಿದೆ ಎಂದು ಸರ್ಚ್ ಎಂಜಿನ್‌ಗೆ ನಾವೇ ಹೇಳುವ ಒಂದು ಕಿರು ವಿವರಣೆ, ಅಷ್ಟೆ. ಅದರ ರೂಪ ಹೀಗಿರುತ್ತದೆ:

```html
<meta name="description" content="ವಿವರಣೆ ಇಲ್ಲಿ">
```

ಇದನ್ನು ಬರೆದರೆ ನಮ್ಮ ವಿಭಾಗ ಗೂಗಲ್‌ನಲ್ಲಿ ಮೊದಲು ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಫಲಿತಾಂಶಗಳನ್ನು ಮೇಲೆ ಕೆಳಗೆ ಜೋಡಿಸುವಾಗ ಈ ವಿವರಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇದರ ಕೆಲಸ ಬೇರೆ. ಪಟ್ಟಿಯಲ್ಲಿ ನಾಲ್ಕನೆಯದಾಗಿ ಕಂಡ ಪುಟವನ್ನೂ ಸರಿಯಾದ ವಿದ್ಯಾರ್ಥಿ ತೆರೆಯುವಂತೆ ಮಾಡುವುದು, ಅರ್ಹತೆ ಇಲ್ಲದವರ ಸಮಯ ಉಳಿಸುವುದು, ಅರ್ಹತೆ ಇದ್ದೂ ಇಲ್ಲವೆಂದುಕೊಂಡವರನ್ನು ತಡೆದು ನಿಲ್ಲಿಸುವುದು. ನನ್ನ ದೃಷ್ಟಿಯಲ್ಲಿ ಮೂರನೆಯದೇ ಮುಖ್ಯ. ಮನೆಯಲ್ಲಿ ಮೊದಲ ಪದವೀಧರಳಾದ ಹುಡುಗಿಗೆ ಅರ್ಹತೆಯ ಸಾಲೊಂದು ಅಸ್ಪಷ್ಟವಾಗಿ ಕಂಡರೆ ಅವಳು ವಿಭಾಗಕ್ಕೆ ಫೋನ್ ಮಾಡಿ ಕೇಳುವುದಿಲ್ಲ. ನನಗೆ ಆಗುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾಳೆ.

ಒಂದು ಮಾದರಿಯನ್ನೇ ಇಟ್ಟುಕೊಂಡು ನೋಡೋಣ. ರಾಜ್ಯದ ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಎಂದುಕೊಳ್ಳಿ. ಯಾವುದೆಂದು ಹೆಸರು ಬೇಡ, ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ನಮ್ಮ ಮಾದರಿ ವಿಭಾಗದ ಅಧಿಸೂಚನೆ ಹೀಗೆನ್ನುತ್ತದೆ: ಪದವಿಯಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿದವರು ಆ ವಿಷಯದಲ್ಲಿ ಶೇ 45 ಅಂಕ ಪಡೆದಿರಬೇಕು. ಐಚ್ಛಿಕ ಕನ್ನಡ ಇಲ್ಲದವರು, ಅಂದರೆ ಬಿ.ಕಾಂ. ಅಥವಾ ಬಿ.ಎಸ್ಸಿ. ಮಾಡಿ ಕನ್ನಡವನ್ನು ಭಾಷೆಯಾಗಿ ಮಾತ್ರ ಓದಿದವರು, ಭಾಷಾ ವಿಷಯದಲ್ಲಿ ಶೇ 50 ಪಡೆದಿದ್ದರೆ ಅವರೂ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಎರಡೂ ಕಡೆ ಶೇ 5 ಕಡಿಮೆ ಇದ್ದರೂ ಸಾಕು. ಅರ್ಜಿಗೆ ಕೊನೆಯ ದಿನ 14 ಆಗಸ್ಟ್ 2026. ದಂಡ ಶುಲ್ಕ ಕಟ್ಟಿ 21 ಆಗಸ್ಟ್‌ವರೆಗೆ ಸಲ್ಲಿಸಬಹುದು. ಕೊನೆಯ ಸೆಮಿಸ್ಟರ್ ಫಲಿತಾಂಶ ಬಾರದವರೂ ಅರ್ಜಿ ಹಾಕಬಹುದು, ಆದರೆ ಕೌನ್ಸೆಲಿಂಗ್ ಹೊತ್ತಿಗೆ ಅಂಕಪಟ್ಟಿ ತರಬೇಕು.

ಅಧಿಸೂಚನೆಯಲ್ಲಿ ಇದು ಮೂರು ಪುಟ. ನಮಗೆ ಸಿಗುವುದು ಎರಡು ಸಾಲು.

ವಿವರಣೆಗೆ ಗೂಗಲ್ ಉದ್ದದ ಮಿತಿ ಇಟ್ಟಿಲ್ಲ. ಎಷ್ಟು ಬೇಕಾದರೂ ಬರೆಯಬಹುದು, ಆದರೆ ತೋರಿಸುವಾಗ ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಇಂಗ್ಲಿಷಿನಲ್ಲಿ ಕಂಪ್ಯೂಟರ್ ಪರದೆ ಮೇಲೆ ಸುಮಾರು 155ರಿಂದ 160 ಅಕ್ಷರ, ಮೊಬೈಲಿನಲ್ಲಿ 120ರ ಆಸುಪಾಸು ಎಂಬುದು ಈ ಕೆಲಸ ಮಾಡುವವರ ಲೆಕ್ಕ. ಆ ಲೆಕ್ಕವೂ ಸ್ಥಿರವಲ್ಲ. 2017ರ ಡಿಸೆಂಬರಿನಲ್ಲಿ ಗೂಗಲ್ ಈ ಸಾಲುಗಳನ್ನು ಹೆಚ್ಚುಕಡಿಮೆ ಎರಡು ಪಟ್ಟು ಉದ್ದ ಮಾಡಿತು. ಎಲ್ಲರೂ ವಿವರಣೆಗಳನ್ನು ಉದ್ದವಾಗಿ ತಿದ್ದಿ ಬರೆಯುವ ಹೊತ್ತಿಗೆ, 2018ರ ಮೇ ತಿಂಗಳಲ್ಲಿ, ಮತ್ತೆ ಮೊದಲಿನಷ್ಟಕ್ಕೇ ಇಳಿಸಿತು.

ಕನ್ನಡಕ್ಕೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. "ಸ್ನಾತಕೋತ್ತರ" ಎಂಬ ಪದ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರು ಮಾತ್ರ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಹನ್ನೊಂದು ಎನ್ನುತ್ತದೆ. "ಅರ್ಹತೆ" ನಮಗೆ ಮೂರು, ಅದಕ್ಕೆ ಆರು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅಡ್ಡಕ್ಕೆ ಜಾಗ ಹೆಚ್ಚು ಬೇಡ, ಆದರೆ ನಮ್ಮ ಮೂಲ ಅಕ್ಷರಗಳು ಇಂಗ್ಲಿಷಿನವಕ್ಕಿಂತ ಅಗಲ. ಹಾಗಾಗಿ ಸಂಖ್ಯೆ ನಂಬಿ ಕೂರುವುದಕ್ಕಿಂತ ಫೋನಿನ ಪರದೆ ಮೇಲೆ ಕಣ್ಣಾರೆ ನೋಡುವುದೇ ಸರಿ. ಕೆಲವು ಹಳೆಯ ವೆಬ್‌ಸೈಟ್ ವ್ಯವಸ್ಥೆಗಳಲ್ಲಿ ಇನ್ನೊಂದು ತೊಡಕಿದೆ. ವಿವರಣೆಯ ಖಾನೆಗೆ ಬೈಟ್ ಲೆಕ್ಕದಲ್ಲಿ ಮಿತಿ ಇಟ್ಟಿರುತ್ತಾರೆ. ಯೂನಿಕೋಡಿನ UTF-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. 255 ಬೈಟಿನ ಖಾನೆಯಲ್ಲಿ ಎಂಬತ್ತೈದು ಚಿಹ್ನೆಗೆ ಜಾಗ ಮುಗಿದು, ವಾಕ್ಯ ಅರ್ಧಕ್ಕೇ ನಿಂತಿರುತ್ತದೆ. ಬರೆದವರು ಪೂರ್ತಿ ಬರೆದಿರುತ್ತಾರೆ, ಉಳಿದದ್ದು ಅರ್ಧ.

ಇಷ್ಟು ಇಕ್ಕಟ್ಟಿನಲ್ಲಿ ಯಾವುದು ಮೊದಲು ಬರಬೇಕು? ಕೊನೆಯ ಭಾಗ ಕತ್ತರಿಸಿ ಹೋಗಬಹುದು ಎಂದು ಗೊತ್ತಿದ್ದ ಮೇಲೆ, ಹೋದರೂ ನಷ್ಟವಾಗದ್ದನ್ನು ಕೊನೆಗಿಡಬೇಕು. ಮೊದಲಿಗೆ ಕೋರ್ಸಿನ ಹೆಸರು ಮತ್ತು ಶೈಕ್ಷಣಿಕ ವರ್ಷ. ವರ್ಷ ಇಲ್ಲದಿದ್ದರೆ ಇದು ಹೋದ ವರ್ಷದ್ದೋ ಈ ವರ್ಷದ್ದೋ ಎಂಬ ಅನುಮಾನಕ್ಕೇ ಓದುಗರು ಮುಂದೆ ಹೋಗುತ್ತಾರೆ. ಅದರ ಬೆನ್ನಿಗೇ ಕೊನೆಯ ದಿನ. ಆಮೇಲೆ ಅರ್ಹತೆ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ, ಅದು ಮೇಲಿನ ಶೀರ್ಷಿಕೆಯಲ್ಲೂ ವಿಳಾಸದಲ್ಲೂ ಕಾಣುತ್ತದೆ.

ದಿನಾಂಕದ ಬಗ್ಗೆ ಒಂದು ಮಾತು. 14-08-2026 ಎಂದು ಬರೆದರೆ ಗೊಂದಲವಿಲ್ಲ ನಿಜ, ಆದರೆ 10-08-2026 ಎಂದರೆ ಆಗಸ್ಟ್ ಹತ್ತೋ ಅಕ್ಟೋಬರ್ ಎಂಟೋ ಎಂದು ಒಂದು ಕ್ಷಣ ತಡವರಿಸಬೇಕಾಗುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಲೇಸು. ಇನ್ನೊಂದು ಕಾರಣವೂ ಇದೆ. ಎಷ್ಟೋ ಸಲ ಗೂಗಲ್ ತಾನೇ ಒಂದು ದಿನಾಂಕವನ್ನು ಸಾಲಿನ ಮೊದಲಿಗೆ ಸೇರಿಸುತ್ತದೆ. ಅದು ಪುಟ ಪ್ರಕಟವಾದ ಅಥವಾ ಬದಲಾದ ದಿನ. ನಮ್ಮ ದಿನಾಂಕದ ಪಕ್ಕದಲ್ಲಿ "ಅರ್ಜಿಗೆ ಕೊನೆಯ ದಿನ" ಎಂಬ ಮಾತು ಅಂಟಿಕೊಂಡೇ ಇರದಿದ್ದರೆ ವಿದ್ಯಾರ್ಥಿ ಮುಂದಿನದ್ದನ್ನೇ ಕೊನೆಯ ದಿನವೆಂದು ತಿಳಿಯಬಹುದು.

ದಂಡ ಶುಲ್ಕವಿಲ್ಲದ ದಿನ, ದಂಡ ಶುಲ್ಕದ ದಿನ, ಎರಡರಲ್ಲಿ ಯಾವುದನ್ನು ಹಾಕುವುದು? ಮೊದಲನೆಯದನ್ನು. ಎರಡನೆಯದನ್ನು ಹಾಕಿದರೆ ಇನ್ನೂ ಸಮಯವಿದೆ ಎಂದು ವಿದ್ಯಾರ್ಥಿ ಕಾಯುತ್ತಾನೆ, ಆಮೇಲೆ ಸುಮ್ಮನೆ ಹೆಚ್ಚು ಹಣ ಕಟ್ಟುತ್ತಾನೆ. ಎರಡನ್ನೂ ಹಾಕಿದರೆ ಅರ್ಹತೆಗೆ ಜಾಗ ಉಳಿಯುವುದಿಲ್ಲ. 14 ಕಳೆದ ಮರುದಿನ ವಿವರಣೆಯನ್ನು ಬದಲಿಸಿ, ದಂಡ ಶುಲ್ಕದೊಂದಿಗೆ 21 ಆಗಸ್ಟ್ 2026ರವರೆಗೆ ಎಂದು ಬರೆದರಾಯಿತು.

ಅರ್ಹತೆಯನ್ನು ಚಿಕ್ಕದು ಮಾಡುವುದು ನಿಜವಾಗಿ ಕಷ್ಟದ ಕೆಲಸ. ಮೊದಲು ಎಲ್ಲರಿಗೂ ಹೊಳೆಯುವ ಸಾಲು ಇದು: "ಅರ್ಹತೆ: ಐಚ್ಛಿಕ ಕನ್ನಡದಲ್ಲಿ ಶೇ 45". ಚಿಕ್ಕದು, ಸ್ಪಷ್ಟ, ಆದರೆ ತಪ್ಪು. ಬಿ.ಕಾಂ. ಮಾಡಿ ಕಥೆ ಬರೆಯುತ್ತಿರುವ, ಕನ್ನಡ ಎಂ.ಎ. ಮಾಡುವ ಆಸೆಯಿರುವ ಹುಡುಗಿಯನ್ನು ಈ ಸಾಲು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ಅಧಿಸೂಚನೆಯ ಎರಡನೇ ಕಂಡಿಕೆಯಲ್ಲಿ ಅವಳಿಗೆ ದಾರಿ ಇತ್ತು, ಅಲ್ಲಿಯವರೆಗೆ ಅವಳು ಬರಲೇ ಇಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿದ, ಐಚ್ಛಿಕದಲ್ಲಿ ಶೇ 42 ಬಂದಿರುವ ಹುಡುಗನೂ ಹಾಗೇ. ಅವನು ಅರ್ಹ. ಆದರೆ ಸಾಲು ಹೇಳುವುದು 45.

ಹಾಗಾದರೆ "ಮೀಸಲು ವರ್ಗದವರಿಗೆ ಶೇ 5 ರಿಯಾಯಿತಿ" ಎಂದು ಸೇರಿಸಿದರೆ? ಇಲ್ಲಿ ಎರಡು ಕಡೆ ಎಡವುತ್ತೇವೆ. ಕರ್ನಾಟಕದಲ್ಲಿ 2ಎ, 2ಬಿ, 3ಎ, 3ಬಿಗೂ ಮೀಸಲಾತಿ ಇದೆ. ನಮ್ಮ ಮಾದರಿ ಅಧಿಸೂಚನೆಯ ಪ್ರಕಾರ ಅವರಿಗೆ ಸೀಟಿನಲ್ಲಿ ಪಾಲಿದೆಯೇ ಹೊರತು ಕನಿಷ್ಠ ಅಂಕದಲ್ಲಿ ಸಡಿಲಿಕೆ ಇಲ್ಲ. ಮೀಸಲು ವರ್ಗ ಎಂದು ಒಟ್ಟಾಗಿ ಹೇಳಿದರೆ 2ಎಯ ವಿದ್ಯಾರ್ಥಿ ಶೇ 41 ಇಟ್ಟುಕೊಂಡು ಅರ್ಜಿ ಶುಲ್ಕ ಕಟ್ಟುತ್ತಾನೆ, ಪರಿಶೀಲನೆಯಲ್ಲಿ ಅರ್ಜಿ ತಿರಸ್ಕೃತವಾಗುತ್ತದೆ. ಎರಡನೆಯದಾಗಿ, ಬರೀ ಶೇ 5 ರಿಯಾಯಿತಿ ಎಂದರೆ ಶುಲ್ಕದಲ್ಲೋ ಅಂಕದಲ್ಲೋ ತಿಳಿಯುವುದಿಲ್ಲ. ಆದ್ದರಿಂದ ವರ್ಗಗಳನ್ನು ಹೆಸರಿಸಲೇಬೇಕು, ಮಾತನ್ನು ಅಂಕದ ಜೊತೆಗೇ ಕಟ್ಟಬೇಕು.

ಇದೆಲ್ಲ ಸೇರಿಸಿ ಬರೆದದ್ದು ಹೀಗಾಗುತ್ತದೆ:

```html
<meta name="description" content="ಎಂ.ಎ. ಕನ್ನಡ ಪ್ರವೇಶ 2026-27: ಅರ್ಜಿಗೆ ಕೊನೆಯ ದಿನ 14 ಆಗಸ್ಟ್ 2026. ಅರ್ಹತೆ: ಪದವಿಯಲ್ಲಿ ಐಚ್ಛಿಕ ಕನ್ನಡ ಶೇ 45 ಅಥವಾ ಭಾಷಾ ಕನ್ನಡ ಶೇ 50; ಪ.ಜಾ., ಪ.ಪಂ., ಪ್ರವರ್ಗ-1ಕ್ಕೆ ಶೇ 5 ಕಡಿಮೆ ಸಾಕು.">
```

ಕಂಪ್ಯೂಟರಿನ ಲೆಕ್ಕದಲ್ಲಿ ಇದು ಸುಮಾರು 165 ಚಿಹ್ನೆ. ಕೊನೆಯ ದಿನ ಮೊದಲ ಅರವತ್ತರ ಹತ್ತಿರವೇ ಬಂದು ಮುಗಿಯುತ್ತದೆ, ಎಷ್ಟು ಚಿಕ್ಕ ಪರದೆಯಾದರೂ ಅದಕ್ಕೆ ಕತ್ತರಿ ಬೀಳುವ ಭಯವಿಲ್ಲ. ಬಿ.ಕಾಂ. ಹುಡುಗಿಗೆ ಬೇಕಾದ "ಭಾಷಾ ಕನ್ನಡ" ನಡುವಿನಲ್ಲಿದೆ. ಪರಿಶಿಷ್ಟರ ಸಡಿಲಿಕೆ ಕೊನೆಗೆ ಉಳಿದದ್ದು ನನಗೆ ಸಮಾಧಾನದ ಸಂಗತಿಯಲ್ಲ. ಮೊಬೈಲಿನಲ್ಲಿ ಅದೇ ಕತ್ತರಿಸಿ ಹೋದರೆ, ಯಾರಿಗಾಗಿ ಅಷ್ಟು ತಿದ್ದಿದೆವೋ ಅವರಿಗೇ ಅದು ತಲುಪುವುದಿಲ್ಲ. ಫೋನಿನಲ್ಲಿ ನೋಡಿದಾಗ ಹಾಗಾಗಿದ್ದರೆ ಅರ್ಹತೆಯನ್ನು ಹಿಂದುಮುಂದು ಮಾಡಿ "ಐಚ್ಛಿಕ ಕನ್ನಡ ಶೇ 45 (ಪ.ಜಾ., ಪ.ಪಂ., ಪ್ರವರ್ಗ-1: 40)" ಎಂದು ಸಂಖ್ಯೆಯ ಪಕ್ಕಕ್ಕೇ ತರಬೇಕು, ಭಾಷಾ ಕನ್ನಡದ ಮಾತನ್ನು ಅದರ ನಂತರ ಇಡಬೇಕು. ಯಾರನ್ನು ಮುಂದೆ ತರುತ್ತೀರಿ ಎಂಬುದು ಆ ವಿಭಾಗಕ್ಕೆ ಯಾರು ಹೆಚ್ಚು ಬರುತ್ತಾರೆ ಎಂಬುದರ ಮೇಲಿದೆ, ಅದು ಹಿಂದಿನ ವರ್ಷಗಳ ಪ್ರವೇಶ ಪಟ್ಟಿ ನೋಡಿದರೆ ತಿಳಿಯುತ್ತದೆ. ಫಲಿತಾಂಶ ಬಾಕಿ ಇರುವವರ ವಿಷಯ ಇಲ್ಲಿ ಸೇರಲಿಲ್ಲ. ಅದನ್ನು ಪುಟದೊಳಗೆ ಮೊದಲ ಕಂಡಿಕೆಯಲ್ಲೇ ಹೇಳಬೇಕು. "ಐಚ್ಛಿಕ" ಎಂಬುದನ್ನೂ ಅಲ್ಲಿ ಬಿಡಿಸಬೇಕು. 2021-22ರಿಂದ ಮೂರು ವರ್ಷ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಓದಿದವರು, ಅವರ ಬಾಯಲ್ಲಿ ಇರುವುದು ಮೇಜರ್ ಎಂಬ ಮಾತು.

ಪುಟದ ಮೊದಲ ಕಂಡಿಕೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ವಿವರಣೆಯನ್ನು ಎಷ್ಟೇ ಚೆನ್ನಾಗಿ ಬರೆದರೂ ಗೂಗಲ್ ಅದನ್ನೇ ತೋರಿಸಬೇಕೆಂಬ ನಿಯಮವಿಲ್ಲ. ಹುಡುಕಿದವರ ಮಾತಿಗೆ ಪುಟದೊಳಗಿನ ಬೇರೊಂದು ಸಾಲು ಹೆಚ್ಚು ಹತ್ತಿರವೆನಿಸಿದರೆ ಅದನ್ನೇ ಎತ್ತಿ ತೋರಿಸುತ್ತದೆ. ಒಂದೇ ಪುಟ, ಒಬ್ಬರಿಗೆ ಒಂದು ಸಾಲು, ಮತ್ತೊಬ್ಬರಿಗೆ ಇನ್ನೊಂದು. ಹೀಗಿರುವಾಗ ವಿವರಣೆಯಲ್ಲಿ ಒಂದು ಮಾತು, ಪುಟದಲ್ಲಿ ಮತ್ತೊಂದು ಇದ್ದರೆ ಕೆಟ್ಟಿತು. ವಿವರಣೆಯಲ್ಲಿರುವ ಮೂರು ಸಂಗತಿಗಳು, ಅಂದರೆ ವರ್ಷ, ಕೊನೆಯ ದಿನ, ಅರ್ಹತೆ, ಪುಟದ ಮೊದಲ ಕಂಡಿಕೆಯಲ್ಲೂ ಅದೇ ಅಂಕಿಯೊಂದಿಗೆ ಪೂರ್ಣ ವಾಕ್ಯವಾಗಿ ಇರಬೇಕು. ಆಗ ಗೂಗಲ್ ಎಲ್ಲಿಂದ ಎತ್ತಿದರೂ ವಿದ್ಯಾರ್ಥಿಗೆ ಸಿಗುವುದು ಒಂದೇ ಉತ್ತರ.

ನಮ್ಮ ಎಷ್ಟೋ ವಿಭಾಗಗಳ ಪುಟದಲ್ಲಿ ಎತ್ತಿಕೊಳ್ಳಲು ಸಾಲೇ ಇರುವುದಿಲ್ಲ. ಪ್ರವೇಶಾತಿಯ ವಿವರವೆಲ್ಲ ಬಣ್ಣದ ಪೋಸ್ಟರಿನಲ್ಲಿರುತ್ತದೆ, ಆ ಪೋಸ್ಟರು ಒಂದು ಚಿತ್ರ. ಪುಟದಲ್ಲಿ ಅಕ್ಷರವಾಗಿ ಉಳಿದದ್ದು ಮುಖಪುಟ, ನಮ್ಮ ಬಗ್ಗೆ, ಬೋಧಕ ಸಿಬ್ಬಂದಿ, ಸಂಪರ್ಕಿಸಿ ಎಂಬ ಮೆನುವಿನ ಪದಗಳು. ಹುಡುಕಿದವರಿಗೆ ಕಾಣುವುದೂ ಅವೇ ಪದಗಳ ಸಾಲು. ಇನ್ನು ಕೆಲವೆಡೆ ಅಧಿಸೂಚನೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿ ಕೈತೊಳೆದುಕೊಳ್ಳುತ್ತಾರೆ. ಪಿಡಿಎಫ್‌ಗೆ ಈ ವಿವರಣೆಯ ಜಾಗವೇ ಇಲ್ಲ. ಸಹಿ ಮೊಹರು ಇರುವ ಪಿಡಿಎಫ್ ಇರಲಿ, ಅದು ದಾಖಲೆ. ಅದರ ಜೊತೆಗೆ ಅಕ್ಷರದಲ್ಲಿ ಬರೆದ ಒಂದು ಪುಟವೂ ಬೇಕು.

ಕನ್ನಡಕ್ಕೇ ವಿಶೇಷವಾದ ಒಂದು ಎಡವಟ್ಟು ಈಗಲೂ ಅಲ್ಲಲ್ಲಿ ಕಾಣುತ್ತದೆ. ಕಚೇರಿಯಲ್ಲಿ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಂದು ವೆಬ್‌ಸೈಟಿಗೆ ಅಂಟಿಸುತ್ತಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ "ಕನ್ನಡ" ಎಂದೇ ಕಾಣುತ್ತದೆ. ಗೂಗಲ್‌ಗೆ ಸಿಗುವುದು `PÀ£ÀßqÀ`. ಫಲಿತಾಂಶದ ಪಟ್ಟಿಯಲ್ಲಿ ಎರಡು ಸಾಲು ತುಂಬ ಇಂಥದ್ದೇ ಚಿಹ್ನೆಗಳು. ಓದಲು ಬಾರದಿರುವುದಷ್ಟೇ ಅಲ್ಲ, ಕನ್ನಡದಲ್ಲಿ ಹುಡುಕಿದವರಿಗೆ ಆ ಪುಟ ಸಿಗುವ ಸಾಧ್ಯತೆಯೇ ಕಡಿಮೆ. ಅಂಟಿಸುವ ಮುನ್ನ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು, ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು.

ಉದ್ಧರಣ ಚಿಹ್ನೆಯೂ ಕಾಡುತ್ತದೆ. ಕೋಡಿನಲ್ಲಿ ವಿವರಣೆ ಶುರುವಾಗುವುದೂ ಮುಗಿಯುವುದೂ ನೇರ ಜೋಡಿ ಉದ್ಧರಣ ಚಿಹ್ನೆಯಲ್ಲಿ. ನಡುವೆ ಯಾರಾದರೂ ಕೋರ್ಸಿನ ಹೆಸರಿಗೆ ಅದೇ ಚಿಹ್ನೆ ಹಾಕಿದರೆ ವಿವರಣೆ ಅಲ್ಲಿಗೇ ಮುಗಿಯಿತೆಂದು ಬ್ರೌಸರು ತಿಳಿಯುತ್ತದೆ. ಉಳಿದದ್ದು ಯಾರಿಗೂ ಕಾಣದೆ ಹೋಗುತ್ತದೆ. ಇಂಥ ತಪ್ಪು ಪತ್ತೆ ಮಾಡುವುದು ಸುಲಭ. ಕಂಪ್ಯೂಟರಿನಲ್ಲಿ ಪುಟ ತೆರೆದು `Ctrl+U` ಒತ್ತಿದರೆ ಹಿಂದಿನ ಕೋಡ್ ಕಾಣುತ್ತದೆ. ಅಲ್ಲಿ `description` ಎಂದು ಹುಡುಕಿ ಸಾಲು ಪೂರ್ತಿ ಇದೆಯೇ ನೋಡಬೇಕು. ಎರಡು ವಿವರಣೆ ಇದ್ದರೆ, ಒಂದು ವಿಭಾಗದ್ದು, ಇನ್ನೊಂದು ಇಡೀ ವಿಶ್ವವಿದ್ಯಾಲಯದ ಟೆಂಪ್ಲೇಟಿನಿಂದ ಬಂದದ್ದು ಎಂದರ್ಥ. ನ್ಯಾಕ್ ಶ್ರೇಣಿ, ಎಕರೆಗಳ ಲೆಕ್ಕ ಬರುತ್ತಿದ್ದದ್ದು ಈ ಎರಡನೆಯದರಿಂದ. ಅದನ್ನು ತೆಗೆಸಬೇಕು. ಎಲ್ಲ ವಿಭಾಗಗಳಿಗೂ ಒಂದೇ ವಿವರಣೆ ಇದ್ದರೆ ಹುಡುಕುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಇಲ್ಲಿಯವರೆಗಿನದು ಬರೆಯುವ ಕೆಲಸ. ಬರೆದದ್ದನ್ನು ಕಾಪಾಡುವುದು ಇದಕ್ಕಿಂತ ಕಷ್ಟ, ಏಕೆಂದರೆ ನಮ್ಮಲ್ಲಿ ಕೊನೆಯ ದಿನ ಎಂಬುದು ಕೊನೆಯ ದಿನವಾಗಿ ಉಳಿಯುವುದು ಅಪರೂಪ. ಪದವಿಯ ಫಲಿತಾಂಶ ತಡವಾಗುತ್ತದೆ, ಮೌಲ್ಯಮಾಪನ ತಡವಾಗುತ್ತದೆ, ಅರ್ಜಿಯ ಅವಧಿ ವಿಸ್ತರಣೆಯಾಗುತ್ತದೆ. ಕುಲಸಚಿವರ ಕಚೇರಿಯಿಂದ ಒಂದು ಪ್ರಕಟಣೆ ಹೊರಡುತ್ತದೆ, ಪತ್ರಿಕೆಗಳಿಗೆ ಹೋಗುತ್ತದೆ, ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ವೆಬ್‌ಸೈಟಿನಲ್ಲಿ "ಹೊಸತು" ಎಂದು ಮಿನುಗುವ ಪಟ್ಟಿಯಲ್ಲಿ ಇನ್ನೊಂದು ಪಿಡಿಎಫ್ ಸೇರುತ್ತದೆ. ವಿವರಣೆಯಲ್ಲಿ ಮಾತ್ರ 14 ಆಗಸ್ಟ್ ಹಾಗೇ ಇರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಆಗಸ್ಟ್ 18ರಂದು ಹುಡುಕಿದ ವಿದ್ಯಾರ್ಥಿ 14 ನೋಡಿ, ಮುಗಿದುಹೋಯಿತು ಎಂದು ಫೋನ್ ಕೆಳಗಿಡುತ್ತಾನೆ. ಅರ್ಜಿ ಆಗಿನ್ನೂ ತೆರೆದಿರುತ್ತದೆ. ದಿನಾಂಕವೇ ಇಲ್ಲದ ವಿವರಣೆಗಿಂತ ಹಳೆಯ ದಿನಾಂಕದ ವಿವರಣೆ ಹೆಚ್ಚು ಹಾನಿ ಮಾಡುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಬದಲಿಸುವ ಜನ ಇಲ್ಲದ ವಿಭಾಗ ದಿನಾಂಕ ಹಾಕದಿರುವುದೇ ವಾಸಿ. ಅಂಥ ಕಡೆ ಅರ್ಹತೆಯನ್ನು ಬರೆದು, ಕೊನೆಯ ದಿನಕ್ಕೆ ಪುಟ ನೋಡಿ ಎನ್ನಬಹುದು.

ಬದಲಿಸಿದರೂ ಆ ಕ್ಷಣಕ್ಕೇ ಗೂಗಲ್‌ನಲ್ಲಿ ಬದಲಾಗುವುದಿಲ್ಲ. ಅದು ಪುಟವನ್ನು ಮತ್ತೆ ಬಂದು ಓದಬೇಕು. ಅದಕ್ಕೆ ಕೆಲವು ದಿನಗಳಿಂದ ಹಿಡಿದು ಕೆಲವು ವಾರ ಬೇಕಾಗಬಹುದು. ಒಂದು ವಾರಕ್ಕೆ ಅವಧಿ ವಿಸ್ತರಿಸಿ, ಹೊಸ ಸಾಲು ಕಾಣುವ ಹೊತ್ತಿಗೆ ಆ ವಾರವೂ ಮುಗಿದಿದ್ದರೆ ಏನು ಬಂತು? ಇದಕ್ಕೆ ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯವಿದೆ. ವೆಬ್‌ಸೈಟ್ ತಮ್ಮದೆಂದು ಒಮ್ಮೆ ದೃಢಪಡಿಸಿದ ಮೇಲೆ, ಅದರೊಳಗೆ ಪುಟದ ವಿಳಾಸ ಹಾಕಿ `Request Indexing` ಒತ್ತಿದರೆ ಪುಟ ಮತ್ತೆ ಓದಿಸಿಕೊಳ್ಳುವ ಸರದಿಗೆ ಸೇರುತ್ತದೆ. ಖಚಿತ ಗಡುವೇನೂ ಇಲ್ಲ, ಆದರೆ ಸುಮ್ಮನೆ ಕಾಯುವುದಕ್ಕಿಂತ ಬೇಗ ಆಗುವ ಸಂಭವ ಹೆಚ್ಚು. ಈ ಸೌಲಭ್ಯದ ಕೀಲಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿರುತ್ತದೆ, ವಿಭಾಗದಲ್ಲಲ್ಲ. ಹಾಗಾಗಿ ಯಾರು ಯಾರಿಗೆ ಹೇಳಬೇಕು ಎಂಬುದನ್ನು ಪ್ರವೇಶಾತಿ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಪುಟದ ವಿಳಾಸವೂ ಇದರಲ್ಲಿ ಪಾಲುದಾರ. ಪ್ರತಿ ವರ್ಷ ಹೊಸ ಪುಟ ತೆರೆದು `notification-2026-final-new` ಎಂಬಂಥ ಹೆಸರಿಡುವ ರೂಢಿ ನಮ್ಮಲ್ಲಿದೆ. ಮೂರು ವರ್ಷದಲ್ಲಿ ಮೂರು ಪುಟ ಗೂಗಲ್‌ನಲ್ಲಿ ಕೂತಿರುತ್ತವೆ, ಹುಡುಕಿದಾಗ 2024ರದ್ದು ಮೇಲೆ ಬಂದರೂ ಅಚ್ಚರಿಯಿಲ್ಲ. `/kannada/ma-admission` ಎಂಬ ಒಂದೇ ವಿಳಾಸವಿಟ್ಟು ವರ್ಷ ವರ್ಷ ಒಳಗಿನದನ್ನು ಬದಲಿಸುವುದು ಒಳ್ಳೆಯದು. ಹಿಂದಿನ ವರ್ಷಗಳ ದಿನಾಂಕಗಳನ್ನು ದಾಖಲೆಗಾಗಿ ಅದೇ ಪುಟದಲ್ಲಿ ಉಳಿಸಬೇಕೆಂದಿದ್ದರೆ, ಆ ಭಾಗದ ಕೋಡಿಗೆ `data-nosnippet` ಎಂಬ ಗುರುತು ಹಚ್ಚಬಹುದು. ಆಗ ಗೂಗಲ್ ಫಲಿತಾಂಶದ ಸಾಲಿಗಾಗಿ ಆ ಭಾಗವನ್ನು ಎತ್ತಿಕೊಳ್ಳುವುದಿಲ್ಲ. ಪ್ರವೇಶಾತಿ ಪೂರ್ತಿ ಮುಗಿದ ಮೇಲೆ ಪುಟ ಅಳಿಸಬಾರದು. "2026-27ರ ಎಂ.ಎ. ಕನ್ನಡ ಪ್ರವೇಶಾತಿ ಮುಗಿದಿದೆ" ಎಂದು ವಿವರಣೆ ಬದಲಿಸಿ, ಅರ್ಹತೆಯನ್ನು ಹಾಗೇ ಉಳಿಸಿದರೆ ಈಗ ಪದವಿಯ ಎರಡನೇ ವರ್ಷದಲ್ಲಿರುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಎಲ್ಲ ಆದ ಮೇಲೆ ಪರೀಕ್ಷೆ. ಗೂಗಲ್‌ನಲ್ಲಿ `site:` ಎಂದು ಹಾಕಿ ಪಕ್ಕದಲ್ಲೇ ಪುಟದ ವಿಳಾಸ ಹೊಡೆದರೆ ಆ ಪುಟ ಗೂಗಲ್‌ಗೆ ಸಿಕ್ಕಿದೆಯೇ ತಿಳಿಯುತ್ತದೆ. ಅಷ್ಟು ಸಾಲದು. ವಿದ್ಯಾರ್ಥಿಗಳು ಹೊಡೆಯುವ ಹಾಗೆಯೇ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ ಕನ್ನಡದಲ್ಲೊಮ್ಮೆ, ಅರ್ಹತೆ ಕೇಳಿ ಒಮ್ಮೆ, ಕೊನೆಯ ದಿನ ಕೇಳಿ ಒಮ್ಮೆ ಮೊಬೈಲಿನಲ್ಲಿ ಹುಡುಕಿ ನೋಡಬೇಕು. ಇಂಗ್ಲಿಷಿನಲ್ಲಿ ಹುಡುಕುವವರೇ ಹೆಚ್ಚು ಇರುವಲ್ಲಿ ಇಂಗ್ಲಿಷ್ ಪುಟಕ್ಕೆ ಅದರದೇ ವಿವರಣೆ ಬೇಕು. ಕನ್ನಡ ಪುಟದ ಶೀರ್ಷಿಕೆಯಲ್ಲೂ `M.A. Kannada` ಎಂದು ಸೇರಿಸಿದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದವರಿಗೂ ಪುಟ ಗುರುತು ಸಿಗುತ್ತದೆ. ವಿಭಾಗದ ಹೊರಗಿನ ಒಬ್ಬ ಪದವಿ ವಿದ್ಯಾರ್ಥಿಯ ಕೈಗೆ ಫೋನ್ ಕೊಟ್ಟು, ಪುಟ ತೆರೆಯದೆ ಬರೀ ಆ ಎರಡು ಸಾಲು ಓದಿಸಿ, ನೀನು ಅರ್ಜಿ ಹಾಕಬಹುದೇ, ಯಾವತ್ತಿನೊಳಗೆ ಎಂದು ಕೇಳಿ. ಅವರು ತಡವರಿಸಿದ ಜಾಗವೇ ತಿದ್ದಬೇಕಾದ ಜಾಗ.

ವಿಭಾಗದ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಒಂದೇ. ಅಧಿಸೂಚನೆಗೂ ವಿಸ್ತರಣೆಯ ಪ್ರಕಟಣೆಗೂ ಸಹಿ ಬಿದ್ದ ದಿನವೇ ಅದರ ಒಂದು ಪ್ರತಿ ವೆಬ್‌ಸೈಟ್ ನೋಡಿಕೊಳ್ಳುವವರ ಮೇಜಿಗೆ ಹೋಗಲಿ, ವಿವರಣೆ ಮತ್ತು ಮೊದಲ ಕಂಡಿಕೆ ಬದಲಿಸಿದ್ದೇನೆ ಎಂದು ಅವರು ಬರೆದುಕೊಡಲಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಗೂಗಲ್ ತೋರಿಸಿದ ಸಾಲಿನಲ್ಲಿ ದಿನ ಮುಗಿದಿದೆ ಎಂದು ಕಂಡರೂ, ಅಂಕ ಸಾಲದು ಎಂದು ಕಂಡರೂ, ಪುಟ ತೆರೆದು ಸಹಿ ಇರುವ ಅಧಿಸೂಚನೆಯನ್ನು ಓದದೆ ಆಸೆ ಬಿಡಬೇಡಿ. ಶುಲ್ಕ ಕಟ್ಟುವುದನ್ನೂ ಅದನ್ನು ಓದಿದ ಮೇಲೆಯೇ ಮಾಡಿ.